ಆಲೂಗಡ್ಡೆ: ಚಿಕ್ಕದು ನೀರಿಗೆ, ದಪ್ಪದ್ದು ಓವನ್‌ಗೆ

ಒಂದು ಕೆಜಿ ಆಲೂಗಡ್ಡೆ ತಂದರೆ ಅದರಲ್ಲಿ ನಿಂಬೆಹಣ್ಣಿನಷ್ಟು ಚಿಕ್ಕವೂ ಇರುತ್ತವೆ, ಅಂಗೈ ತುಂಬುವಷ್ಟು ದಪ್ಪದವೂ ಇರುತ್ತವೆ. ಎಲ್ಲವನ್ನೂ ಒಟ್ಟಿಗೆ ಕುಕ್ಕರ್‌ಗೆ ಹಾಕಿ ಮೂರು ವಿಷಲ್ ಕೂಗಿಸಿದರೆ ಚಿಕ್ಕವು ಸಿಪ್ಪೆ ಒಡೆದು ನೀರು ಕುಡಿಯುತ್ತವೆ, ದಪ್ಪದ್ದರ ನಡುಭಾಗ ಗಟ್ಟಿಯಾಗಿಯೇ ಉಳಿಯುತ್ತದೆ. ಬಿಸಿ ಹೊರಗಿನಿಂದ ಒಳಕ್ಕೆ ನಿಧಾನವಾಗಿ ಇಳಿಯುವುದರಿಂದ, ದಪ್ಪ ಎರಡರಷ್ಟಾದರೆ ಬೇಯುವ ಹೊತ್ತು ಎರಡರಷ್ಟಕ್ಕೂ ಹೆಚ್ಚಾಗುತ್ತದೆ. ಆದ್ದರಿಂದ ತೊಳೆಯುವಾಗಲೇ ನಾನು ಗಾತ್ರ ನೋಡಿ ಬೇರೆ ಮಾಡುತ್ತೇನೆ. 200 ಗ್ರಾಂಗೂ ಹೆಚ್ಚು ತೂಗುವವು ಓವನ್‌ಗೆ, ಉಳಿದವು ನೀರಿಗೆ.

ನೀರಿಗೆ ಹಾಕುವವನ್ನು ಸಿಪ್ಪೆ ಸಮೇತ ಪಾತ್ರೆಯಲ್ಲಿಟ್ಟು, ಮೇಲೆ ಎರಡು ಬೆರಳು ನಿಲ್ಲುವಷ್ಟು ತಣ್ಣೀರು ಸುರಿದು, ಲೀಟರ್‌ಗೆ ಎರಡು ಟೀ ಚಮಚ ಉಪ್ಪು ಹಾಕುತ್ತೇನೆ. ಕುದಿಯುವ ನೀರಿಗೆ ಹಾಕಿದರೆ ಒಳಗೆ ಬಿಸಿ ತಲುಪುವ ಮೊದಲೇ ಹೊರಪದರ ಬೆಂದು ಉದುರತೊಡಗುತ್ತದೆ. ತಣ್ಣೀರಿನಿಂದ ಶುರುವಾದರೆ ಒಳಗೂ ಹೊರಗೂ ಬಿಸಿ ಹೆಚ್ಚು ಅಂತರವಿಲ್ಲದೆ ಏರುತ್ತದೆ. ಜೊತೆಗೆ ನೀರು 55ರಿಂದ 65 ಡಿಗ್ರಿ ದಾಟುವಾಗ ಆಲೂಗಡ್ಡೆಯೊಳಗಿನ ಒಂದು ಕಿಣ್ವ ಹೊರಪದರದ ಜೀವಕೋಶಗಳನ್ನು ಅಂಟಿಸಿ ಹಿಡಿಯುವ ಪೆಕ್ಟಿನ್ ಅನ್ನು ಗಟ್ಟಿ ಮಾಡುತ್ತದೆ, ಆಮೇಲೆ ಹೋಳು ಮಾಡಿದರೂ ಆಕಾರ ಕೆಡುವುದಿಲ್ಲ.

ಕುದಿ ಬಂದ ಕೂಡಲೇ ಉರಿ ಸಣ್ಣ ಮಾಡಬೇಕು. ಕೊತಕೊತ ಕುದಿಯುತ್ತಿದ್ದರೆ ಒಂದಕ್ಕೊಂದು ತಾಗಿ ಸಿಪ್ಪೆ ಬಿರಿಯುತ್ತದೆ. ಅಲ್ಲಿಂದ ಲೆಕ್ಕ ಹಾಕಿದರೆ 50 ಗ್ರಾಂನವು ಸುಮಾರು 15 ನಿಮಿಷಕ್ಕೆ, 100 ಗ್ರಾಂನವು 20ರಿಂದ 25 ನಿಮಿಷಕ್ಕೆ ಬೇಯುತ್ತವೆ. ಒಂದೇ ಪಾತ್ರೆಯಲ್ಲಿ ಎರಡೂ ಇದ್ದರೆ ಚಿಕ್ಕವನ್ನು ಜಾಲರಿ ಸೌಟಿನಲ್ಲಿ ಮೊದಲು ತೆಗೆದುಬಿಡಿ. ಸಣ್ಣ ಚಾಕುವಿನ ತುದಿ ನಡುಭಾಗಕ್ಕೆ ತಡೆಯಿಲ್ಲದೆ ಇಳಿಯಬೇಕು, ಮೇಲೆತ್ತಿದರೆ ಆಲೂಗಡ್ಡೆ ತಾನಾಗಿ ಜಾರಿ ಬೀಳಬೇಕು. ಬೆಂದ ಮೇಲೆ ಬಿಸಿ ನೀರಲ್ಲೇ ಬಿಡಬೇಡಿ. ನೀರು ಬಸಿದು ಅದೇ ಬಿಸಿ ಪಾತ್ರೆಯಲ್ಲಿ ಎರಡು ನಿಮಿಷ ಮುಚ್ಚದೆ ಇಟ್ಟರೆ ಹಬೆ ಹೋಗಿ ಒಣಗುತ್ತವೆ. ದೋಸೆಯ ಪಲ್ಯ ಅಂಟಂಟಾಗುವುದಕ್ಕೆ ಈ ತೇವವೂ ಒಂದು ಕಾರಣ.

ಓವನ್‌ಗೆ ಇಡುವ ದಪ್ಪದವನ್ನು ತೊಳೆದು ಪೂರ್ತಿ ಒರೆಸಿ, ಫೋರ್ಕಿನಿಂದ ಏಳೆಂಟು ಕಡೆ ಚುಚ್ಚಿ, ಎಣ್ಣೆ ಮತ್ತು ಉಪ್ಪು ಸವರುತ್ತೇನೆ. ಓಟಿಜಿಯಾದರೆ ಮೇಲಿನ, ಕೆಳಗಿನ ಎರಡೂ ಕಾಯಿಲ್ ಹಾಕಿ 200 ಡಿಗ್ರಿಗೆ ಮೊದಲೇ ಕಾಯಿಸಿ, ನಡುವಿನ ಜಾಲರಿಯ ಮೇಲೆ ನೇರವಾಗಿ ಇಡುತ್ತೇನೆ. ಫಾಯಿಲ್ ಸುತ್ತುವುದೇ ಇಲ್ಲ, ಸುತ್ತಿದರೆ ಹಬೆ ಒಳಗೇ ಸಿಕ್ಕಿ ಸಿಪ್ಪೆ ಮೆತ್ತಗಾಗುತ್ತದೆ, ರುಚಿಯೂ ನೀರಲ್ಲಿ ಬೇಯಿಸಿದ್ದರಂತೆಯೇ ಇರುತ್ತದೆ. 220 ಗ್ರಾಂನದ್ದಕ್ಕೆ 55ರಿಂದ 60 ನಿಮಿಷ ಬೇಕು, 30 ನಿಮಿಷಕ್ಕೊಮ್ಮೆ ಮಗುಚಿದರೆ ಸಾಕು. ಅಡುಗೆ ಥರ್ಮಾಮೀಟರ್ ಇದ್ದರೆ ನಡುಭಾಗ 96 ಡಿಗ್ರಿ ತೋರಿಸಬೇಕು, ಇಲ್ಲದಿದ್ದರೆ ಬಟ್ಟೆಯಲ್ಲಿ ಹಿಡಿದು ಮೆಲ್ಲಗೆ ಒತ್ತಿ, ಒಳಗೆ ಪೂರ್ತಿ ಕುಸಿದರೆ ಬೆಂದಿದೆ. ಹೊರತೆಗೆದ ತಕ್ಷಣ ಮೇಲೆ ಸೀಳಿ ಎರಡೂ ತುದಿ ಒತ್ತಿ ಹಬೆ ಬಿಡಿಸಬೇಕು. ಸೀಳದೆ ಹತ್ತು ನಿಮಿಷ ಹಾಗೇ ಬಿಟ್ಟರೆ ಉದುರುದುರಾಗಿದ್ದ ತಿರುಳು ಮುದ್ದೆಯಾಗುತ್ತದೆ.