ನಕಲಿ ಇಮೇಲ್ ಬಗ್ಗೆ ನಾಲ್ಕು ನಿಮಿಷದ ವಿಡಿಯೊ: ಸ್ಕ್ರಿಪ್ಟ್ ಬರೆಯುವುದು ಹೀಗೆ

ಫಿಶಿಂಗ್ ತರಬೇತಿಯ ವಿಡಿಯೊ ಎಂದರೆ ಕತ್ತಲೆ ಕೋಣೆ, ಮುಖ ಮುಚ್ಚಿಕೊಂಡ ಹ್ಯಾಕರ್, ಪರದೆ ತುಂಬ ಹಸಿರು ಅಕ್ಷರ. ಮೊದಲು ಇದನ್ನು ಕೈಬಿಡಿ. ನೋಡುವವರು ಮೋಸ ಹೋಗುವುದು ಟ್ಯೂಬ್‌ಲೈಟ್ ಬೆಳಕಿನಲ್ಲಿ, ತಮ್ಮದೇ ಮೇಜಿನ ಮುಂದೆ. ಕತೆಯೂ ಅಲ್ಲೇ ನಡೆಯಲಿ.

ಒಂದೇ ಘಟನೆ ಸಾಕು. ಶುಕ್ರವಾರ ಸಂಜೆ 5.40. ಲೆಕ್ಕಪತ್ರ ವಿಭಾಗದ ಸುಮಾ ಬ್ಯಾಗಿಗೆ ಕೈ ಹಾಕಿದ್ದಾರೆ. ಕಾಗದ ಪೂರೈಸುವವರಿಂದ ಮೇಲ್ ಬರುತ್ತದೆ: ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ. ಬಾಕಿ ಬಿಲ್ಲಿನ ಹಣ ಇವತ್ತೇ ಹೊಸ ಖಾತೆಗೆ ಹಾಕಿ. ನಾನು ಮೀಟಿಂಗ್‌ನಲ್ಲಿದ್ದೇನೆ, ಇಲ್ಲೇ ಉತ್ತರಿಸಿ.’ ಬಿಲ್ ನಂಬರ್ ಸರಿಯಾಗಿದೆ. ಭಾಷೆಯಲ್ಲಿ ಒಂದು ತಪ್ಪೂ ಇಲ್ಲ. ಇದು ಬೇಕೆಂದೇ ಹೀಗೆ. ‘ಕಾಗುಣಿತ ತಪ್ಪಿದ್ದರೆ ಅನುಮಾನಿಸಿ’ ಎಂದು ಕಲಿಸಿದರೆ, ತಪ್ಪಿಲ್ಲದ ಮೇಲನ್ನು ಜನ ಕಣ್ಣು ಮುಚ್ಚಿ ನಂಬುತ್ತಾರೆ.

ಮೊದಲ ಸುತ್ತಿನಲ್ಲಿ ಸುಮಾ ಹಣ ಕಳಿಸಿಬಿಡಲಿ. ಅವರನ್ನು ಪೆದ್ದರಂತೆ ಮಾತ್ರ ತೋರಿಸಬೇಡಿ. ‘ನಾನಾಗಿದ್ದರೂ ಕಳಿಸ್ತಿದ್ದೆ’ ಅಂತ ನೋಡುವವರಿಗೆ ಅನ್ನಿಸಬೇಕು, ಅಲ್ವಾ?

ಆಮೇಲೆ ಅದೇ 5.40ಕ್ಕೆ ವಾಪಸ್ ಬನ್ನಿ. ಮೊಬೈಲಿನಲ್ಲಿ ಸಾಮಾನ್ಯವಾಗಿ ಕಳಿಸಿದವರ ಹೆಸರು ಮಾತ್ರ ಕಾಣುತ್ತದೆ. ಆ ಹೆಸರನ್ನು ಯಾರು ಬೇಕಾದರೂ ಬರೆದುಕೊಳ್ಳಬಹುದು. ಸುಮಾ ಹೆಸರನ್ನು ಒತ್ತಿ ವಿಳಾಸ ತೆರೆಯಲಿ. ಹಳೆಯ ಇಮೇಲ್‌ನ ವಿಳಾಸ ಮೇಲೆ, ಹೊಸದು ಕೆಳಗೆ:

```
accounts@modernpaper.example
accounts@modempaper.example
```

ಇಲ್ಲಿ ಐದು ಸೆಕೆಂಡ್ ಸುಮ್ಮನಿರಿ. ಬಾಣ ಬೇಡ, ಹಿನ್ನೆಲೆ ದನಿ ಬೇಡ. rn ಇದ್ದ ಜಾಗದಲ್ಲಿ m ಕೂತಿರುವುದನ್ನು ನೋಡುವವರೇ ಹುಡುಕಲಿ. ತಾವೇ ಹುಡುಕಿದ್ದು ಬೇಗ ಮರೆಯುವುದಿಲ್ಲ. (ಕೊನೆಯಲ್ಲಿ .example ಯಾಕೆ? ಉದಾಹರಣೆಗೆಂದೇ 1999ರಲ್ಲಿ ಎತ್ತಿಟ್ಟ ಹೆಸರು ಅದು, ಯಾರಿಗೂ ಮಾರುವುದಿಲ್ಲ. ಬಾಯಿಗೆ ಬಂದ .com ಹಾಕಿದರೆ ಅದು ಯಾರದೋ ನಿಜವಾದ ವಿಳಾಸವಾಗಿರಬಹುದು.)

ಹೆಚ್ಚಿನ ಸ್ಕ್ರಿಪ್ಟ್‌ಗಳು ಇಲ್ಲಿಗೆ ಮುಗಿಯುತ್ತವೆ. ನನ್ನ ಮಟ್ಟಿಗೆ ಮುಖ್ಯ ದೃಶ್ಯ ಈಗ ಶುರು. ಪೂರೈಕೆದಾರರ ಮೇಲ್ ಖಾತೆಯೇ ಕಳ್ಳರ ಕೈಗೆ ಸಿಕ್ಕಿದ್ದರೆ? ಆಗ ವಿಳಾಸ ಅಕ್ಷರ ಅಕ್ಷರವೂ ಸರಿಯಿರುತ್ತದೆ. ಬಿಲ್ ನಂಬರ್ ಗೊತ್ತಾಗುವುದೂ ಹಾಗೆಯೇ, ಹಳೆಯ ಮೇಲ್‌ಗಳನ್ನೆಲ್ಲ ಅವರು ಓದಿರುತ್ತಾರೆ. ಆಗ ಕಾಪಾಡುವುದು ಫೋನ್.

ಫೋನಿನಲ್ಲೂ ಒಂದು ಬಲೆ ಇದೆ. ಸುಮಾ ಇಮೇಲ್‌ನ ಕೊನೆಯಲ್ಲಿರುವ ನಂಬರ್ ಒತ್ತಲು ಹೋಗಲಿ. ಬೆರಳು ಪರದೆಯ ಹತ್ತಿರ ನಿಲ್ಲಲಿ. ಆ ನಂಬರನ್ನೂ ಬರೆದವರು ಮೇಲ್ ಬರೆದವರೇ ತಾನೆ? ಸುಮಾ ಎದ್ದು ಕಪಾಟಿನಿಂದ ಹಳೆಯ ಒಪ್ಪಂದದ ಫೈಲ್ ತೆಗೆಯುತ್ತಾರೆ. ಅಷ್ಟರಲ್ಲಿ ಮ್ಯಾನೇಜರ್ ಬರುತ್ತಾರೆ.

ಮ್ಯಾನೇಜರ್: ಪೇಮೆಂಟ್ ಇನ್ನೂ ಆಗಿಲ್ವಾ ಸುಮಾ?

ಸುಮಾ: ಖಾತೆ ಬದಲಾಗಿದೆ ಅಂತ ಮೇಲ್ ಬಂದಿದೆ ಸರ್. ಫೈಲಲ್ಲಿರೋ ನಂಬರ್‌ಗೆ ಫೋನ್ ಮಾಡಿ ಕೇಳ್ತೀನಿ. ಹತ್ತು ನಿಮಿಷ ಕೊಡಿ.

ಮ್ಯಾನೇಜರ್: ಸರಿ, ಕೇಳಿ.

ಈ ‘ಸರಿ’ಯನ್ನು ಕತ್ತರಿಸಬೇಡಿ. ಮೇಲಧಿಕಾರಿ ಗದರುತ್ತಾರೆ ಎಂಬ ಹೆದರಿಕೆಯಿಂದಲೇ ಎಷ್ಟೋ ಜನ ಪರಿಶೀಲಿಸದೆ ಹಣ ಕಳಿಸುತ್ತಾರೆ. ಮ್ಯಾನೇಜರುಗಳೂ ಈ ವಿಡಿಯೊ ನೋಡುತ್ತಾರಲ್ಲ!

ಮೊದಲ ಸಲ ಇಂಥ ಸ್ಕ್ರಿಪ್ಟ್ ಬರೆದಾಗ ಕೊನೆಗೆ ಹನ್ನೊಂದು ಸೂಚನೆ ತುರುಕಿದ್ದೆ. ಮಾರನೇ ದಿನ ಕೇಳಿದರೆ ಯಾರಿಗೂ ಎರಡಕ್ಕಿಂತ ಜಾಸ್ತಿ ನೆನಪಿರಲಿಲ್ಲ. ಈಗ ಮೂರೇ ಹಾಕುತ್ತೇನೆ, ಅವೂ ಸುಮಾ ಮಾಡಿ ತೋರಿಸಿದ್ದೇ: ‘ಅವಸರ ಮಾಡಿಸಿದರೆ ನಿಲ್ಲು. @ ನಂತರದ್ದನ್ನು ಓದು. ಹಳೆಯ ನಂಬರಿಗೆ ಫೋನ್ ಮಾಡು.’ ವೆಬ್ ವಿಳಾಸದ ಪಕ್ಕದ ಬೀಗದ ಚಿಹ್ನೆ ನೋಡಿ ನಂಬಿ ಎಂಬ ಹಳೇ ಸಲಹೆ ಬೇಡವೇ ಬೇಡ. ಆ ಚಿಹ್ನೆ ಇದ್ದರೆ ಸಂಪರ್ಕ ಗುಪ್ತವಾಗಿದೆ ಎಂದಷ್ಟೇ ಅರ್ಥ. ಆಚೆ ತುದಿಯಲ್ಲಿ ಕಳ್ಳನೂ ಇರಬಹುದು.

ಕೊನೆಯ ಮೂವತ್ತು ಸೆಕೆಂಡ್ ಮೊದಲ ಸುತ್ತಿನ ಸುಮಾಗೆ ಕೊಡಿ. ಹಣ ಹೋಗಿದೆ, ಈಗಷ್ಟೇ ಗೊತ್ತಾಗಿದೆ. ಅವರು ಮೇಲನ್ನು ಅಳಿಸುವುದಿಲ್ಲ. ತಕ್ಷಣ ಬ್ಯಾಂಕಿಗೆ ಫೋನ್ ಮಾಡುತ್ತಾರೆ, ಆಮೇಲೆ ಐಟಿ ವಿಭಾಗಕ್ಕೆ. ಹಣ ಬೇರೆ ಖಾತೆಗಳಿಗೆ ಹಂಚಿಹೋಗುವ ಮೊದಲು ಬ್ಯಾಂಕಿಗೆ ತಿಳಿದರೆ ತಡೆಹಿಡಿಯುವ ಅವಕಾಶ ಇರುತ್ತದೆ, ಖಾತ್ರಿಯೇನಿಲ್ಲ.

ಕೊನೆಯ ಚೌಕಟ್ಟಿನಲ್ಲಿ ನಿಮ್ಮ ಆಫೀಸಿನಲ್ಲಿ ದೂರು ಹೇಳಬೇಕಾದ ನಂಬರ್ ಎಂಟು ಸೆಕೆಂಡ್ ನಿಲ್ಲಲಿ. ಅದನ್ನು ಬೇರೆ ತುಣುಕಾಗಿಯೇ ಮಾಡಿಟ್ಟುಕೊಳ್ಳಿ. ನಂಬರ್ ಬದಲಾದಾಗ ಅದೊಂದನ್ನೇ ತೆಗೆದು ಹೊಸದು ಅಂಟಿಸಬಹುದು.