ಮೂರು ಸಾವಿರ ದಿರ್ಹಂ ಜಾಸ್ತಿ ಪಗಾರ: ಶಾರ್ಜಾ ಬಿಟ್ಟು ದುಬೈಗೆ ಹೋಗುವ ಮುಂಚೆ ಹಾಕಬೇಕಾದ ಲೆಕ್ಕ

ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ಬಂದು ಶಾರ್ಜಾದಲ್ಲಿ ಸಂಸಾರ ಹೂಡಿದವರು ನಮ್ಮನ್ನು ಹೆಚ್ಚಾಗಿ ಕೇಳುವ ಪ್ರಶ್ನೆ ಒಂದೇ: "ಅಣ್ಣಾ, ದುಬೈದಾಗ ಮೂರು ಸಾವಿರ ಜಾಸ್ತಿ ಕೊಡ್ತೀವಿ ಅಂದಾರ, ಹ್ಞೂಂ ಅನ್ಲೇನು?" ಇದನ್ನು ಕೇಳುವ ಹೊತ್ತಿಗೆ ಊರಿನಲ್ಲಿ ಆ ಮೂರು ಸಾವಿರವನ್ನು ರೂಪಾಯಿಗೆ ಗುಣಿಸಿ ಆಗಿರುತ್ತದೆ. ಸೇಡಂ ರಸ್ತೆಯ ಪ್ಲಾಟಿನ ಕಂತು ಇದರಲ್ಲೇ ತೀರುತ್ತದೆ ಎಂಬ ಮಾತೂ ಆಗಿರುತ್ತದೆ. ಮೊದಲು ಆ ಗುಣಾಕಾರ ನಿಲ್ಲಿಸಿ. ದಿರ್ಹಂ ಡಾಲರಿಗೆ 3.6725ರಂತೆ ಕಟ್ಟಿಕೊಂಡಿದೆ. ರೂಪಾಯಿ ದರ ಏರಿದರೂ ಇಳಿದರೂ ಎರಡೂ ನೌಕರಿಗೆ ಒಂದೇ ರೀತಿ ತಟ್ಟುತ್ತದೆ. ಹಾಗಾಗಿ ಹೋಲಿಕೆ ಪೂರ್ತಿ ದಿರ್ಹಂನಲ್ಲೇ ನಡೆಯಲಿ. ಇಲ್ಲಿ ಪಗಾರಕ್ಕೆ ಆದಾಯ ತೆರಿಗೆಯೂ ಇಲ್ಲ, ಆದ್ದರಿಂದ ಪಗಾರವನ್ನು ನುಂಗುವುದು ಖರ್ಚು ಮಾತ್ರ.

ಒಂದು ಉದಾಹರಣೆ ಹಿಡಿಯೋಣ. ಯಾದಗಿರಿ ಕಡೆಯ ಒಬ್ಬ ಅಕೌಂಟೆಂಟ್, ಹೆಂಡತಿ, ಶಾಲೆಗೆ ಹೋಗುವ ಒಬ್ಬ ಮಗ. ನೌಕರಿ ಶಾರ್ಜಾದಲ್ಲಿ, ಪಗಾರ 8,500. ದುಬೈ ಆಫರ್ 11,500. ಮುಂದಿನ ಅಂಕಿಗಳು ಲೆಕ್ಕದ ದಾರಿ ತೋರಿಸಲು ಇಟ್ಟವು. ಅವುಗಳ ಜಾಗದಲ್ಲಿ ನಿಮ್ಮ ಅಂಕಿ ಹಾಕಿಕೊಳ್ಳಿ.

ಈಗಿನ ತಿಂಗಳ ಖರ್ಚು ಹೀಗಿದೆ. ವರ್ಷಕ್ಕೆ 36,000ದ ಒಂದು ಬೆಡ್‌ರೂಮ್ ಮನೆ, ಅಂದರೆ ತಿಂಗಳಿಗೆ 3,000. ಕರೆಂಟು, ನೀರು, ಗ್ಯಾಸು 500. ಕಿರಾಣಿ, ತರಕಾರಿ 1,600. ಶಾಲೆ ಫೀಸು, ಶಾಲೆ ಬಸ್ಸು 900. ಓಡಾಟ 150, ಫೋನು ಮತ್ತು ಇಂಟರ್ನೆಟ್ 350, ಔಷಧಿ, ಬಟ್ಟೆ ಇತ್ಯಾದಿ 500. ಒಟ್ಟು 7,000. ಕೈಯಲ್ಲಿ ಉಳಿಯುವುದು 1,500.

ಈ ಪಟ್ಟಿ ಬರೆಯುವಾಗ ಒಂದೇ ತಿಂಗಳ ಬಿಲ್ಲು ನೋಡಬೇಡಿ. ಜುಲೈ, ಆಗಸ್ಟ್‌ನಲ್ಲಿ ಎಸಿ ದಿನವಿಡೀ ಓಡುತ್ತದೆ, ಜನವರಿಯಲ್ಲಿ ಮುಟ್ಟುವುದೇ ಇಲ್ಲ. ಹನ್ನೆರಡು ತಿಂಗಳ ಬಿಲ್ಲು ಕೂಡಿಸಿ ಹನ್ನೆರಡರಿಂದ ಭಾಗಿಸಿ. ಶಾಲೆ ಫೀಸು, ವಿಮಾನದ ಟಿಕೆಟ್ಟು ಕೂಡ ಹಾಗೇ. ಊರಿಗೆ ಕಳಿಸುವ ರೊಕ್ಕವನ್ನು ಖರ್ಚಿನಲ್ಲಿ ಸೇರಿಸಬೇಡಿ. ಅದು ಉಳಿದ 1,500ರೊಳಗಿನಿಂದಲೇ ಹೋಗುತ್ತದೆ.

ಈಗ ದುಬೈ. ಶಾರ್ಜಾ ಗಡಿಗೆ ಅಂಟಿಕೊಂಡ ಅಲ್ ನಹ್ದಾ, ಅಲ್ ಖುಸೈಸ್ ಕಡೆ ಅದೇ ಅಳತೆಯ ಮನೆಗೆ ವರ್ಷಕ್ಕೆ 60,000 ಎಂದು ಹಿಡಿದರೆ ತಿಂಗಳಿಗೆ 5,000. ಹೊಸಬರು ಇಲ್ಲೇ ಲೆಕ್ಕ ನಿಲ್ಲಿಸಿಬಿಡುತ್ತಾರೆ. ಬಾಡಿಗೆಯ ಹಿಂದೆ ಇನ್ನೆರಡು ಖರ್ಚು ಬರುತ್ತವೆ. ಒಂದು, ದುಬೈ ಮುನ್ಸಿಪಾಲಿಟಿಯ ಹೌಸಿಂಗ್ ಫೀ. ವರ್ಷದ ಬಾಡಿಗೆಯ ಶೇಕಡಾ 5ರಷ್ಟನ್ನು ಹನ್ನೆರಡು ಭಾಗ ಮಾಡಿ ದೇವಾ ಬಿಲ್ಲಿನಲ್ಲಿ, ಅಂದರೆ ಕರೆಂಟು ಮತ್ತು ನೀರಿನ ಬಿಲ್ಲಿನಲ್ಲೇ, ಸೇರಿಸಿರುತ್ತಾರೆ. 60,000ಕ್ಕೆ ತಿಂಗಳಿಗೆ 250. ಮೊದಲ ಬಿಲ್ಲು ಕೈಗೆ ಬಂದಾಗ "ಇಷ್ಟು ಕರೆಂಟು ಸುಟ್ಟಿಲ್ಲವಲ್ಲ" ಎಂದು ಅನೇಕರು ಗಾಬರಿಯಾಗುವುದು ಇದಕ್ಕೇ.

ಎರಡನೆಯದು ಚಿಲ್ಲರ್. ದುಬೈನ ಅನೇಕ ಹೊಸ ಕಟ್ಟಡಗಳಲ್ಲಿ ಪ್ರತಿ ಮನೆಗೆ ಬೇರೆ ಎಸಿ ಯಂತ್ರ ಇರುವುದಿಲ್ಲ. ಒಂದು ಕಡೆ ತಂಪು ಮಾಡಿದ ನೀರು ಪೈಪಿನಲ್ಲಿ ಎಲ್ಲ ಮನೆಗೂ ಹರಿಯುತ್ತದೆ. ಅದರ ಬಿಲ್ಲು ದೇವಾ ಬಿಲ್ಲಿನಲ್ಲಿ ಇರುವುದಿಲ್ಲ, ಬೇರೆ ಕಂಪನಿಯಿಂದ ಬರುತ್ತದೆ. ಬಳಸಿದಷ್ಟಕ್ಕೆ ಕೊಡುವ ದುಡ್ಡಿನ ಜೊತೆ ಕೆಲವು ಕಟ್ಟಡಗಳಲ್ಲಿ ಬಳಸದಿದ್ದರೂ ಕೊಡಬೇಕಾದ ಒಂದು ಕಾಯಂ ಮೊತ್ತವೂ ಇರುತ್ತದೆ. ಒಂದೂವರೆ ತಿಂಗಳು ಬೀಗ ಹಾಕಿ ಊರಿಗೆ ಹೋದರೂ ಅದು ನಿಲ್ಲುವುದಿಲ್ಲ. ಮನೆ ಜಾಹೀರಾತಿನಲ್ಲಿ "ಚಿಲ್ಲರ್ ಫ್ರೀ" ಎಂದಿದ್ದರೆ ಆ ಖರ್ಚು ಮಾಲೀಕರದು. ಹಾಗೆ ಬರೆದಿಲ್ಲದಿದ್ದರೆ ಏಜೆಂಟನ ಬಾಯಿಮಾತು ನಂಬಬೇಡಿ. ಈಗಿರುವ ಬಾಡಿಗೆದಾರರ ಹತ್ತಿರ ಆಗಸ್ಟ್ ತಿಂಗಳ ಚಿಲ್ಲರ್ ಬಿಲ್ಲು ಕೇಳಿ ಕಣ್ಣಾರೆ ನೋಡಿ. ವರ್ಷಕ್ಕೆ 2,000 ಬಾಡಿಗೆ ಕಡಿಮೆ ಎಂದು ಹಿಡಿದ ಮನೆ ಚಿಲ್ಲರಿನಲ್ಲಿ ಅದಕ್ಕಿಂತ ಹೆಚ್ಚು ವಾಪಸ್ ಕಿತ್ತುಕೊಳ್ಳಬಹುದು.

ನಮ್ಮ ಉದಾಹರಣೆಗೆ ಚಿಲ್ಲರ್ ವರ್ಷದ ಸರಾಸರಿ 300, ಕರೆಂಟು-ನೀರು 500 ಎಂದು ಇಡೋಣ. ಶಾಲೆ ಬದಲಾದರೆ ಫೀಸು, ಬಸ್ಸು ಸೇರಿ 1,400. ಮೆಟ್ರೊಗೆ ಎರಡು ವಲಯದ 30 ದಿನದ ನೋಲ್ ಪಾಸು 230. ಫೋನು 350, ಇತರೆ 600. ಕಿರಾಣಿಯಲ್ಲಿ ಅಂಥ ಫರಕು ಬೀಳುವುದಿಲ್ಲ, 1,700 ಸಾಕು. ಜೋಳದ ಹಿಟ್ಟು, ತೊಗರಿಬೇಳೆ, ಶೇಂಗಾ ಹಿಂಡಿ ಹೇಗೂ ಹೈದರಾಬಾದ್ ವಿಮಾನದ ಲಗೇಜಿನಲ್ಲಿ ಬಂದಿರುತ್ತವೆ. ಬಾಡಿಗೆ 5,000 ಮತ್ತು ಹೌಸಿಂಗ್ ಫೀ 250 ಸೇರಿಸಿ ಎಲ್ಲ ಕೂಡಿದರೆ 10,330. ಉಳಿಯುವುದು 1,170. ಪಗಾರ ಮೂರು ಸಾವಿರ ಏರಿತು, ಉಳಿತಾಯ 330 ಇಳಿಯಿತು.

ಇದರ ಮೇಲೆ ಮನೆ ಬದಲಿಸುವ ಖರ್ಚು. ಏಜೆಂಟ್ ಕಮಿಷನ್ ಸಾಮಾನ್ಯವಾಗಿ ವರ್ಷದ ಬಾಡಿಗೆಯ ಶೇಕಡಾ 5, ಅಂದರೆ 3,000. ಸಾಮಾನು ಸಾಗಿಸಲು 1,200, ಈಜಾರಿ ಎಂಬ ಬಾಡಿಗೆ ಕರಾರಿನ ನೋಂದಣಿ ಮತ್ತು ಸಣ್ಣಪುಟ್ಟದಕ್ಕೆ 300. ಈ 4,500 ತಿರುಗಿ ಬರುವುದಿಲ್ಲ. ಎರಡು ವರ್ಷ ಅಲ್ಲೇ ಇರುತ್ತೀರಿ ಎಂದು ಹಿಡಿದು 24ರಿಂದ ಭಾಗಿಸಿದರೆ ತಿಂಗಳಿಗೆ ಸುಮಾರು 190. ನಿಜವಾದ ಉಳಿಕೆ 980. ಮನೆಯ ಡಿಪಾಸಿಟ್ 3,000, ದೇವಾ ಡಿಪಾಸಿಟ್ 2,000 ತಿರುಗಿ ಬರುವ ರೊಕ್ಕ, ಅವನ್ನು ಖರ್ಚಿಗೆ ಸೇರಿಸಿಲ್ಲ.

ಆದರೆ ಮೊದಲ ದಿನ ಕೈಯಲ್ಲಿ ಎಲ್ಲವೂ ಬೇಕು. ಇಲ್ಲಿ ಬಾಡಿಗೆ ತಿಂಗಳ ತಿಂಗಳ ಕೊಡುವುದಲ್ಲ, ಮುಂದಿನ ತಾರೀಖು ಹಾಕಿದ ಚೆಕ್ಕುಗಳನ್ನು ಒಟ್ಟಿಗೆ ಕೊಡುವುದು. ನಾಲ್ಕು ಚೆಕ್ಕಿಗೆ ಮಾಲೀಕರು ಒಪ್ಪಿದರೂ ಮೊದಲನೆಯದೇ 15,000. ಡಿಪಾಸಿಟ್‌ಗಳು, ಕಮಿಷನ್, ಸಾಗಾಟ, ನೋಂದಣಿ ಕೂಡಿಸಿದರೆ 24,500. ಈಗಿನ ಉಳಿತಾಯದಲ್ಲಿ ಇದು ಹದಿನಾರು ತಿಂಗಳ ದುಡಿಮೆ. ಬಹಳ ಮಂದಿ ಇಲ್ಲೇ ಕ್ರೆಡಿಟ್ ಕಾರ್ಡಿಗೋ ಪರ್ಸನಲ್ ಲೋನಿಗೋ ಕೈ ಹಾಕುತ್ತಾರೆ, ಆಮೇಲೆ ಆ 980 ಬಡ್ಡಿಗೇ ಸೋರಿಹೋಗುತ್ತದೆ. ಶಾರ್ಜಾ ಮನೆಯ ಕರಾರು ಇನ್ನೂ ಮುಗಿದಿರದಿದ್ದರೆ ಅದನ್ನು ಮುರಿಯುವ ದಂಡವೂ ಇರಬಹುದು. ಕರಾರಿನಲ್ಲಿ ಎರಡು ತಿಂಗಳ ಬಾಡಿಗೆ ಎಂದಿದ್ದರೆ ಮತ್ತೆ 6,000. ಸಹಿ ಹಾಕುವ ಮುಂಚೆ ಹಳೆಯ ಕರಾರು ಯಾವ ತಿಂಗಳು ಮುಗಿಯುತ್ತದೆ ನೋಡಿಕೊಳ್ಳಿ.

ಹಾಗಾದರೆ ಎಷ್ಟು ಪಗಾರಕ್ಕೆ ಹ್ಞೂಂ ಅನ್ನಬೇಕು? ಹೆಚ್ಚಾಗುವ ಖರ್ಚು 3,330, ಮನೆ ಬದಲಿಸಿದ್ದಕ್ಕೆ 190, ಒಟ್ಟು 3,520. ಈಗಿನ 8,500ಕ್ಕೆ ಕೂಡಿಸಿದರೆ 12,020. ಅಷ್ಟು ಬಂದರೆ ಈಗ ಉಳಿಯುವಷ್ಟೇ ಉಳಿಯುತ್ತದೆ. ತಿಂಗಳಿಗೆ ಸಾವಿರ ಹೆಚ್ಚು ಉಳಿಸಬೇಕೆಂದರೆ ಸುಮಾರು 13,000 ಬೇಕು.

ಒಟ್ಟು ಪಗಾರದ ಒಳಗೆ ಬೇಸಿಕ್ ಎಷ್ಟು ಎಂಬುದನ್ನು ನೋಡದವರೇ ಜಾಸ್ತಿ. ಯುಎಇ ಕಾನೂನಿನಲ್ಲಿ ಕೆಲಸ ಬಿಡುವಾಗ ಬರುವ ಗ್ರಾಚ್ಯುಟಿ ಕೊನೆಯ ಬೇಸಿಕ್ ಮೇಲೆ ಮಾತ್ರ. ಮೊದಲ ಐದು ವರ್ಷ ವರ್ಷಕ್ಕೆ 21 ದಿನದ ಬೇಸಿಕ್, ಐದು ದಾಟಿದ ಮೇಲೆ ವರ್ಷಕ್ಕೆ 30 ದಿನದ್ದು. ಒಂದು ವರ್ಷ ತುಂಬದಿದ್ದರೆ ಏನೂ ಇಲ್ಲ. ನಮ್ಮ ಅಕೌಂಟೆಂಟಿಗೆ ಈಗ 8,500ರಲ್ಲಿ ಬೇಸಿಕ್ 5,100 ಇದ್ದರೆ ವರ್ಷಕ್ಕೆ 3,570 ಜಮೆಯಾಗುತ್ತಿದೆ. ಹೊಸ ಕಂಪನಿ 11,500ರಲ್ಲಿ 4,600 ಮಾತ್ರ ಬೇಸಿಕ್ ಇಟ್ಟು ಉಳಿದದ್ದನ್ನು ಅಲೋವೆನ್ಸ್ ಮಾಡಿದ್ದರೆ ವರ್ಷಕ್ಕೆ 3,220. ದೊಡ್ಡ ಪಗಾರ, ಸಣ್ಣ ಗ್ರಾಚ್ಯುಟಿ. ಇವರಿಗೆ ಈಗಿನ ಕಂಪನಿಯಲ್ಲಿ ಐದು ವರ್ಷ ತುಂಬುತ್ತಾ ಬಂದಿದ್ದರೆ ನಷ್ಟ ಇನ್ನೂ ದೊಡ್ಡದು. ಇಲ್ಲೇ ಉಳಿದರೆ ಆರನೇ ವರ್ಷದಿಂದ 5,100ರಂತೆ ಜಮೆಯಾಗುತ್ತಿತ್ತು, ಹೊಸ ಕಡೆ ಎಣಿಕೆ ಮತ್ತೆ ಒಂದರಿಂದ ಶುರು.

ಹೆಂಡತಿ-ಮಕ್ಕಳ ವಿಮೆಯನ್ನೂ ಬಾಯಿಬಿಟ್ಟು ಕೇಳಿ. ದುಬೈನಲ್ಲಿ ನೌಕರರ ವಿಮೆ ಕಂಪನಿಯ ಜವಾಬ್ದಾರಿ, ಕುಟುಂಬದ್ದು ವೀಸಾ ಹಾಕಿಸಿದ ನಿಮ್ಮದು. ಈಗಿನ ಕಂಪನಿ ಕುಟುಂಬಕ್ಕೂ ಕೊಡುತ್ತಿದ್ದು ಹೊಸದು ಕೊಡದಿದ್ದರೆ ಅದು ಪಗಾರ ಕಡಿತದ ಲೆಕ್ಕವೇ. ಕುಟುಂಬದ ವೀಸಾ ಖರ್ಚು, ವರ್ಷದ ಟಿಕೆಟ್ಟು ಒಬ್ಬರಿಗೋ ಮೂವರಿಗೋ ಎಂಬುದೂ ಹಾಗೇ. ಎಚ್‌ಆರ್ ಫೋನಿನಲ್ಲಿ "ಎಲ್ಲಾ ಕೊಡ್ತೀವಿ" ಎಂದದ್ದು ಲೆಕ್ಕಕ್ಕಿಲ್ಲ. ಸಹಿ ಹಾಕುವ ಆಫರ್ ಲೆಟರಿನಲ್ಲಿ ಇರಬೇಕು.

ಇನ್ನೊಂದು ದಾರಿ ಇದೆ: ನೌಕರಿ ದುಬೈದು, ಮನೆ ಶಾರ್ಜಾದ್ದೇ. ಬಾಡಿಗೆ, ಶಾಲೆ ಏನೂ ಬದಲಾಗುವುದಿಲ್ಲ. ಬಸ್ಸು-ಮೆಟ್ರೊಗೆ 800, ಹೊರಗಿನ ಊಟಕ್ಕೆ 250 ಹಿಡಿದರೆ ಖರ್ಚು 7,900. ಉಳಿಯುವುದು 3,600. ಕಾರಿನಲ್ಲಿ ಹೋಗುವುದಾದರೆ ಲೆಕ್ಕ ಬೇರೆ. ಅಲ್ ಇತ್ತಿಹಾದ್ ರಸ್ತೆಯ ಅಲ್ ಮಮ್ಝರ್ ಸಾಲಿಕ್ ಟೋಲ್ ಗೇಟಿನಲ್ಲಿ ಬೆಳಿಗ್ಗೆ 6ರಿಂದ 10, ಸಂಜೆ 4ರಿಂದ 8ರ ಗದ್ದಲದ ಹೊತ್ತಿಗೆ ಒಂದು ಸಲಕ್ಕೆ 6 ದಿರ್ಹಂ, 22 ದಿನಕ್ಕೆ ಹೋಗಿ ಬರಲು 264. ಕಾರಿನ ಕಂತು 900, ವಿಮೆ 150, ಪೆಟ್ರೋಲು 450, ಪಾರ್ಕಿಂಗ್ 300 ಸೇರಿಸಿದರೆ ಉಳಿಕೆ 2,336ಕ್ಕೆ ಇಳಿಯುತ್ತದೆ. ಆದರೂ ಈಗಿನ 1,500ಕ್ಕಿಂತ ಮೇಲು.

ಇದರ ಬೆಲೆ ಹೊತ್ತು. ದುಬೈನಲ್ಲೇ ಇದ್ದರೆ ದಿನಕ್ಕೆ ಒಂದು ಗಂಟೆ ಓಡಾಟ, ಶಾರ್ಜಾದಿಂದ ಮೂರು ಎಂದು ಹಿಡಿಯಿರಿ. ತಿಂಗಳಿಗೆ 44 ಗಂಟೆ ಹೆಚ್ಚು. ಬಸ್ಸಿನ ಲೆಕ್ಕದಲ್ಲಿ, 980ರ ಎದುರು 3,600 ಇಟ್ಟರೆ, ಆ ಒಂದೊಂದು ಗಂಟೆಗೂ ಸುಮಾರು 60 ದಿರ್ಹಂ ಸಿಗುತ್ತದೆ. ಕಾರಿನಲ್ಲಿ ಸುಮಾರು 31. ಆಫೀಸಿನಲ್ಲಿ ಇವರ ಒಂದು ಗಂಟೆಯ ದುಡಿಮೆ, ತಿಂಗಳಿಗೆ 176 ಗಂಟೆಯಂತೆ, 65. ಬಸ್ಸಿನ ದಾರಿ ಹೆಚ್ಚುಕಡಿಮೆ ಪಗಾರದ ದರದಲ್ಲೇ ದುಡಿಸಿಕೊಳ್ಳುತ್ತದೆ, ಕಾರು ಅದರ ಅರ್ಧಕ್ಕೆ. ಹೊಸ ಕಾರಿನ ಸಾಲ ಮಾಡುವ ಮುಂಚೆ ಎರಡು ವಾರ ಬಸ್ಸಿನಲ್ಲೇ ಹೋಗಿ, ಮನೆ ಬಾಗಿಲಿಂದ ಆಫೀಸು ಬಾಗಿಲಿಗೆ ಹಿಡಿದ ನಿಮಿಷ ಬರೆದಿಡಿ. ಬುಧವಾರ, ಗುರುವಾರ ಸಂಜೆಯದ್ದು ಬಿಡದೆ ಬರೆಯಿರಿ.

ಕಂಪನಿಯ ಜೊತೆ ಮಾತಾಡುವಾಗ ಎರಡು ಅಂಕಿ ಕೈಯಲ್ಲಿರಲಿ. ದುಬೈಗೆ ಮನೆ ಬದಲಿಸುವುದಾದರೆ 13,000. ಬದಲಿಸದಿದ್ದರೆ 11,500 ಸಾಕು, ಆದರೆ ಬೇಸಿಕ್ 6,500ಕ್ಕಿಂತ ಕಡಿಮೆ ಬೇಡ ಎನ್ನಿ. ಒಟ್ಟು ಮೊತ್ತ ಏರಿಸಲು ಒಪ್ಪದ ಕಂಪನಿಯೂ ಅದೇ ಮೊತ್ತದೊಳಗೆ ಬೇಸಿಕ್ ಏರಿಸಲು ಒಪ್ಪುವುದುಂಟು, ಏಕೆಂದರೆ ತಿಂಗಳ ಖರ್ಚು ಅವರಿಗೆ ಬದಲಾಗುವುದಿಲ್ಲ.