ಸಪೂರ ಸ್ಟೆಪ್ನಿ ಹಾಕಿದ್ದೀರಾ? ಅದನ್ನು ಹಿಂದೆ ಹಾಕಿ, ನಿಧಾನ ಹೋಗಿ

ಕಳೆದ ಮಳೆಗಾಲದಲ್ಲಿ ಭಾವನ ಕಾರು ಪಡುಬಿದ್ರೆ ದಾಟುವಾಗ ಪಂಕ್ಚರ್ ಆಯಿತು. ಮುಂದಿನ ಎಡಗಡೆ ಟಯರು, ಬದಿಯೇ ಸೀಳಿತ್ತು. ನಾನು ಹೋಗಿ ತಲುಪುವಾಗ ಭಾವ ಡಿಕ್ಕಿಯ ಸಪೂರ ಸ್ಟೆಪ್ನಿಯನ್ನು ಅದೇ ಮುಂದಿನ ಜಾಗಕ್ಕೆ ಹಾಕಲು ಹೊರಟಿದ್ದರು. "ಭಾವ, ಸ್ವಲ್ಪ ನಿಲ್ಲಿ, ಅದನ್ನು ಮುಂದೆ ಹಾಕುವುದು ಬೇಡ" ಅಂದೆ. ಈ ತಪ್ಪನ್ನು ನಾನು ಎಷ್ಟೋ ಸಲ ನೋಡಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಗಾಳಿ. ಟಯರಿನ ಬದಿಯಲ್ಲಿ ಅಳತೆಯ ಮುಂದೆ 'ಟಿ' ಅಕ್ಷರ ಇದ್ದರೆ ಅದು ತಾತ್ಕಾಲಿಕ ಸ್ಟೆಪ್ನಿ. ಸಾಮಾನ್ಯವಾಗಿ ಅದಕ್ಕೆ 60 ಪಿಎಸ್‌ಐ ಗಾಳಿ ಬೇಕು, ಅಂದರೆ ಉಳಿದ ಟಯರುಗಳ ಹತ್ತಿರ ಹತ್ತಿರ ಎರಡು ಪಟ್ಟು. ಬಂಕಿನಲ್ಲಿ ಸುಮ್ನೆ "ಸ್ಟೆಪ್ನಿಗೂ ಹಾಕಿ" ಅಂದರೆ ಹುಡುಗರು 33 ಹಾಕಿ ಬಿಡುತ್ತಾರೆ. ಬಾಯಿಬಿಟ್ಟು 60 ಅಂತ ಹೇಳಬೇಕು. ಭಾವನ ಸ್ಟೆಪ್ನಿಯಲ್ಲಿ 42 ಇತ್ತು, ಯಾಕೆಂದರೆ ಕಾರು ತಗೊಂಡ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ. ನನ್ನ ಸಣ್ಣ ಪಂಪಿನಿಂದ ಹಾಕಿದೆವು. ಅಗ್ಗದ ಪಂಪುಗಳು 60 ಮುಟ್ಟುವ ಮೊದಲೇ ಬಿಸಿಯಾಗಿ ನಿಲ್ಲುತ್ತವೆ, ಅಂಥದ್ದು ತಗೊಳ್ಳಬೇಡಿ. ಕೆಲವು ಕಾರುಗಳಲ್ಲಿ ಸ್ಟೆಪ್ನಿ ಸ್ವಲ್ಪ ಸಣ್ಣದಾದರೂ ಮಾಮೂಲಿ ಟಯರೇ ಆಗಿರುತ್ತದೆ. ಅದಕ್ಕೆ 60 ಅಲ್ಲ, ಕಾರಿನ ಸ್ಟಿಕರಿನಲ್ಲಿ ಬರೆದಷ್ಟೇ.

ಈಗ ಮುಖ್ಯ ವಿಷಯ. ನಮ್ಮ ಹೆಚ್ಚಿನ ಸಣ್ಣ ಕಾರುಗಳಲ್ಲಿ ಇಂಜಿನ್ ತಿರುಗಿಸುವುದು ಮುಂದಿನ ಚಕ್ರಗಳನ್ನು. ಉದಾಹರಣೆಗೆ 185/65 ಆರ್ 15 ಟಯರು ಸುಮಾರು 62 ಸೆಂ.ಮೀ. ಎತ್ತರ, ಟಿ 125/80 ಸ್ಟೆಪ್ನಿ ಅದೇ 15 ಇಂಚಿನ ರಿಮ್ಮಿನಲ್ಲಿ ಸುಮಾರು 58. ಒಂದು ಕಿ.ಮೀ.ಗೆ ಸ್ಟೆಪ್ನಿ ಮೂವತ್ತೈದು ಸುತ್ತು ಜಾಸ್ತಿ ತಿರುಗುತ್ತದೆ. ಅದು ಮುಂದೆ ಇದ್ದರೆ ಆ ವ್ಯತ್ಯಾಸವನ್ನು, ಎರಡು ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಒಳಗಿನ ಸಣ್ಣ ಗಿಯರುಗಳು ನೇರ ರಸ್ತೆಯಲ್ಲೂ ಬಿಡದೆ ಹೊರಬೇಕು, ಅವು ಬಿಸಿಯಾಗಿ ಸವೆಯುತ್ತವೆ. ಜೊತೆಗೆ ಸ್ಟೇರಿಂಗ್ ಮತ್ತು ಹೆಚ್ಚಿನ ಬ್ರೇಕ್ ಭಾರ ಇರುವುದೂ ಮುಂದೆಯೇ.

ಹಾಗಾಗಿ ಮುಂದಿನ ಟಯರು ಹೋದರೆ ನಾನು ಎರಡು ಸಲ ಜಾಕಿ ಹಾಕುತ್ತೇನೆ, ಮೊದಲು ಹಿಂದೆ, ಆಮೇಲೆ ಮುಂದೆ. ಕಾರು ರಸ್ತೆಯಿಂದ ಪೂರ್ತಿ ಆಚೆ, ಗಟ್ಟಿ ಸಮತಟ್ಟು ನೆಲದಲ್ಲಿ ಇರಬೇಕು. ಹ್ಯಾಂಡ್‌ಬ್ರೇಕ್ ಎಳೆದು ಗಿಯರಿನಲ್ಲೇ ಬಿಡಿ, ಯಾಕೆಂದರೆ ಹ್ಯಾಂಡ್‌ಬ್ರೇಕ್ ಸಾಮಾನ್ಯವಾಗಿ ಹಿಂದಿನ ಚಕ್ರಗಳನ್ನು ಮಾತ್ರ ಹಿಡಿಯುತ್ತದೆ, ನೀವು ಎತ್ತುವುದೂ ಹಿಂದೆಯೇ. ಆಚೆ ಬದಿಯ ಮುಂದಿನ ಚಕ್ರಕ್ಕೆ ಎರಡೂ ಕಡೆ ಕಲ್ಲು ಇಡಿ. ಮೊದಲು ಅದೇ ಬದಿಯ ಹಿಂದಿನ ಒಳ್ಳೆಯ ಚಕ್ರ ಬಿಚ್ಚಿ ಅಲ್ಲಿಗೆ ಸ್ಟೆಪ್ನಿ ಹಾಕಿ, ಕಾರು ಇಳಿಸಿ. ಆಮೇಲೆ ಕಲ್ಲುಗಳನ್ನು ಆಚೆ ಬದಿಯ ಹಿಂದಿನ ಚಕ್ರಕ್ಕೆ ಬದಲಿಸಿ, ಮುಂದೆ ಎತ್ತಿ, ಪಂಕ್ಚರ್ ಆದದ್ದನ್ನು ತೆಗೆದು ಆ ಒಳ್ಳೆಯ ಚಕ್ರ ಹಾಕಿ. ಮುಂದಿನ ಹಿಂದಿನ ಟಯರು ಒಂದೇ ಅಳತೆ ಇದ್ದರೆ ಮಾತ್ರ ಇದು ಸಾಧ್ಯ. ಎರಡು ಮೂಲೆ ಒಟ್ಟಿಗೆ ಎತ್ತಬೇಡಿ. ನಟ್ ಬಿಗಿ ಮಾಡುವುದು ಎದುರುಬದುರು, ಕೊನೆಯ ಬಿಗಿ ಚಕ್ರ ನೆಲಕ್ಕೆ ತಾಗಿದ ಮೇಲೆ.

ಇಷ್ಟಕ್ಕೆ ನಮಗೆ ನಲವತ್ತು ನಿಮಿಷ ಬೇಕಾಯಿತು. ಜೋರು ಮಳೆ ಇದ್ದರೆ, ನಿಲ್ಲುವ ಜಾಗ ಸರಿ ಇಲ್ಲದಿದ್ದರೆ ಟೋಯಿಂಗಿಗೆ ಫೋನ್ ಮಾಡುವುದೇ ಒಳ್ಳೆಯದು.

ಸ್ಪೀಡು 80 ದಾಟಬಾರದು, ಇದು ಸ್ಟೆಪ್ನಿ ಮೇಲೆಯೇ ಬರೆದಿರುತ್ತದೆ. ಒದ್ದೆ ರಸ್ತೆಯಲ್ಲಿ ನಾನು 60ಕ್ಕೆ ನಿಲ್ಲಿಸುತ್ತೇನೆ. ಸಪೂರ ಟಯರಿಗೆ ಹಿಡಿತ ಕಡಿಮೆ, ಬ್ರೇಕ್ ಹಾಕಿದರೆ ಕಾರು ನಿಲ್ಲಲು ಜಾಸ್ತಿ ದೂರ ಬೇಕು, ಜೋರಾಗಿ ಒತ್ತಿದರೆ ಒಂದು ಕಡೆಗೆ ಎಳೆಯಲೂಬಹುದು. ಕ್ರೂಸ್ ಕಂಟ್ರೋಲ್ ಬೇಡ. ಆ ಮೂಲೆಯಲ್ಲಿ ಕಾರು ತಗ್ಗಿರುವುದರಿಂದ ಹಂಪಿನಲ್ಲಿ ಅಡಿಭಾಗ ತಾಗುತ್ತದೆ, ನೋಡಿಕೊಂಡು ಹತ್ತಿಸಿ. ಎಬಿಎಸ್ ಅಥವಾ ಟಯರ್ ಗಾಳಿಯ ದೀಪ ಹತ್ತಿದರೆ ಗಾಬರಿ ಬೇಡ, ಚಕ್ರದ ಅಳತೆ ಬೇರೆಯಾದಾಗ ಹಾಗಾಗುವುದುಂಟು. ಆದರೆ ಸರಿ ಚಕ್ರ ಹಾಕಿದ ಮೇಲೂ ದೀಪ ಆರದಿದ್ದರೆ ತೋರಿಸಿ.

ದೂರಕ್ಕೆ ಹಲವು ಕಂಪನಿಗಳು ಕೊಡುವ ಮಿತಿ ಸುಮಾರು 80 ಕಿ.ಮೀ. ನಿಮ್ಮ ಕಾರಿನ ಪುಸ್ತಕದಲ್ಲಿ ಇನ್ನೂ ಕಡಿಮೆ ಇದ್ದರೆ ಅದೇ ಲೆಕ್ಕ. ಭಾವನಿಗೆ ಅದೇ ರಾತ್ರಿ ಪುತ್ತೂರಿಗೆ ಹೋಗಬೇಕಿತ್ತು. ಪಡುಬಿದ್ರೆಯಿಂದ ಮಂಗಳೂರು ಸುಮಾರು 30, ಅಲ್ಲಿಂದ ಪುತ್ತೂರು 50 ಚಿಲ್ಲರೆ, ಲೆಕ್ಕ ಅಲ್ಲಿಗೇ ಮುಗಿಯಿತು ಅಲ್ವಾ? ಮರುದಿನ ಟಯರ್ ಅಂಗಡಿಗೆ ಹೋಗಲೂ ಉಳಿಯುವುದಿಲ್ಲ. ರಾತ್ರಿ ನಮ್ಮ ಸುರತ್ಕಲ್ ಮನೆಯಲ್ಲೇ ಉಳಿದರು. ಶಿರಾಡಿ, ಆಗುಂಬೆ ಘಾಟಿಯನ್ನಂತೂ ಈ ಟಯರಿನಲ್ಲಿ ಹತ್ತಲೂ ಬೇಡಿ, ಇಳಿಯಲೂ ಬೇಡಿ.

ಅಂಗಡಿಯಲ್ಲಿ ಆ ಸಪೂರ ರಿಮ್ಮಿಗೇ ಅಗಲದ ಟಯರು ಹಾಕಿ ಕೊಡುತ್ತೇನೆ ಎಂದರೆ ಒಪ್ಪಬೇಡಿ, ರಿಮ್ಮಿಗೆ ಕೂರುವ ಟಯರಿನ ಅಂಚು, ಅಂದರೆ ಬೀಡ್, ಸರಿಯಾಗಿ ಕೂರುವುದಿಲ್ಲ. ಭಾವ ಬೆಳಿಗ್ಗೆ ಹೊಸ ಟಯರು ಹಾಕಿಸಿದರು. ಸ್ಟೆಪ್ನಿಗೆ ಮತ್ತೆ 60 ಗಾಳಿ ನೋಡಿ ಡಿಕ್ಕಿಗೆ ಹಾಕಿ, ಎಷ್ಟು ಕಿ.ಮೀ. ಓಡಿದೆ ಎಂದು ಅದರ ಮೇಲೆಯೇ ಚೀಟಿ ಅಂಟಿಸಿದೆವು.